ಮೊಳಕೆ ರಾಗಿ ಹಿಟ್ಟು: ಚಮಚದಲ್ಲೆಷ್ಟು, ಲೋಟದಲ್ಲೆಷ್ಟು?

ಮಗುವಿಗೆ ಮೊಳಕೆ ಕಟ್ಟಿದ ರಾಗಿಯ ಸರಿ ಕುಡಿಸಬೇಕು ಎಂಬುದನ್ನು ಹಳೇ ಮೈಸೂರು ಕಡೆಯ ಮನೆಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಈಗ ಅದಕ್ಕೆ ಕಾಳು, ಕಡಲೆಬೀಜ, ಬಾದಾಮಿ ಸೇರಿಸಿ ‘ಹೆಲ್ತ್ ಮಿಕ್ಸ್’ ಮಾಡಿಟ್ಟುಕೊಳ್ಳುವವರು ಹೆಚ್ಚಾಗಿದ್ದಾರೆ. ಆದರೆ ಒಂದು ಲೋಟದಲ್ಲಿ ಮಗುವಿನ ಹೊಟ್ಟೆಗೆ ನಿಜವಾಗಿ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕುವವರು ಕಡಿಮೆ. ಆ ಲೆಕ್ಕ ಗೊತ್ತಿಲ್ಲದಿದ್ದರೆ, ನೀರಿನಲ್ಲಿ ಎರಡು ಚಮಚ ಕದಡಿ ಕುಡಿಸಿ, ಮಗು ಹೊಟ್ಟೆ ತುಂಬ ತಿಂದಿತು ಎಂದುಕೊಳ್ಳುವ ಅಪಾಯವಿದೆ.

ಮೊದಲು ಮೊಳಕೆ ಏಕೆ ಎಂಬುದನ್ನು ನೋಡೋಣ. ಮೊಳಕೆ ಕಟ್ಟಿದರೆ ರಾಗಿಯ ಕ್ಯಾಲ್ಸಿಯಂ ದುಪ್ಪಟ್ಟಾಗುತ್ತದೆ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಕಾಳಿನೊಳಗೆ ಇದ್ದಷ್ಟೇ ಖನಿಜ ಇರುತ್ತದೆ. ಆಗುವುದು ಬೇರೆ. ಮೊಳೆಯುವ ಕಾಳು ತನ್ನ ಪಿಷ್ಟವನ್ನು ಒಡೆಯಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಆ ಹಿಟ್ಟನ್ನು ಬೇಯಿಸಿದಾಗ ಗಂಜಿ ಅಂಟಂಟಾಗಿ ಗಟ್ಟಿಯಾಗದೆ ತೆಳ್ಳಗೆ ಹರಿಯುತ್ತದೆ. ಸಾದಾ ರಾಗಿ ಹಿಟ್ಟಿನ ಸರಿ ಸ್ವಲ್ಪ ಹಿಟ್ಟಿಗೇ ಗಟ್ಟಿಯಾಗುತ್ತದೆ, ಮಗು ನುಂಗಲಿ ಎಂದು ನಾವು ನೀರು ಸುರಿಯುತ್ತೇವೆ, ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬಿಹೋಗುತ್ತದೆ. ಮೊಳಕೆ ಹಿಟ್ಟಾದರೆ ಅದೇ ಹದಕ್ಕೆ ಹೆಚ್ಚು ಹಿಟ್ಟು ಹಾಕಬಹುದು. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದ ಆರಂಭದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಎಳೆಯ ಮಕ್ಕಳ ಆಹಾರ ರೂಪಿಸಿದ್ದು ಈ ಗುಣವನ್ನೇ ನಂಬಿ. ಇನ್ನೊಂದು ಲಾಭ, ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಮೊಳಕೆಯಲ್ಲಿ ಕಡಿಮೆಯಾಗುತ್ತದೆ.

ಒಂದು ಕಿಲೋ ಮಿಶ್ರಣಕ್ಕೆ ನಾನು ಹಿಡಿಯುವ ಅಳತೆ ಇದು: ರಾಗಿ 600 ಗ್ರಾಂ, ಹೆಸರುಕಾಳು 150, ಹುರಿಗಡಲೆ 100, ಕಡಲೆಬೀಜ 100, ಬಾದಾಮಿ 50, ಜೊತೆಗೆ ನಾಲ್ಕಾರು ಏಲಕ್ಕಿ. ಬಾದಾಮಿ ಇರಲೇಬೇಕೆಂದಿಲ್ಲ. ತೂಕಕ್ಕೆ ತೂಕ ನೋಡಿದರೆ ಕಡಲೆಬೀಜದಲ್ಲೇ ಪ್ರೋಟೀನ್ ಹೆಚ್ಚು, ಬೆಲೆಯೂ ಎಷ್ಟೋ ಕಡಿಮೆ.

ರಾಗಿಯನ್ನು ಕಲ್ಲು ಹೋಗುವಂತೆ ಗಾಳಿಸಿ, ನೀರು ತಿಳಿಯಾಗುವವರೆಗೆ ತೊಳೆದು, ರಾತ್ರಿಯಿಡೀ ನೆನೆಸಿ. ಬೆಳಗ್ಗೆ ನೀರು ಪೂರ್ತಿ ಬಸಿದು ತೆಳುವಾದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಒಂದೂವರೆ ಎರಡು ದಿನದಲ್ಲಿ ಅರ್ಧ ಸೆಂಟಿಮೀಟರಿನಷ್ಟು ಮೊಳಕೆ ಬರುತ್ತದೆ, ಅಲ್ಲಿಗೆ ನಿಲ್ಲಿಸಿ. ಹೆಸರುಕಾಳಿಗೆ ಮೂತಿ ಕಂಡರೆ ಸಾಕು. ಗಂಟು ಬಿಚ್ಚಿದಾಗ ಬೇರಿನ ಸುತ್ತ ನವಿರಾದ ಬಿಳಿ ಎಳೆ ಕಾಣುವುದು ಸಹಜ. ಆದರೆ ಹಸಿರು, ಕಪ್ಪು ಅಥವಾ ಹತ್ತಿಯಂತೆ ಹಬ್ಬಿದ ಬೂಷ್ಟು, ಕೈಗೆ ಲೋಳೆ, ಮೂಗಿಗೆ ಹುಳಿ ವಾಸನೆ ಬಂದರೆ ಅಷ್ಟನ್ನೂ ಚೆಲ್ಲಿಬಿಡಿ. ತೊಳೆದು ಉಳಿಸಿಕೊಳ್ಳಲು ಹೋಗಬೇಡಿ, ಬೂಷ್ಟಿನ ವಿಷ ತೊಳೆದರೆ ಹೋಗದು, ಬೇಯಿಸಿದರೂ ಹೋಗದು.

ಆಮೇಲೆ ಬಿಸಿಲು. ತೆಳುವಾಗಿ ಹರಡಿ, ಹಲ್ಲಿನಲ್ಲಿ ಕಚ್ಚಿದರೆ ಕಟಕ್ ಎನ್ನುವಷ್ಟು ಒಣಗಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಒಣಗಿದ ರಾಗಿಯನ್ನು ಅಂಗೈಯಲ್ಲಿ ಉಜ್ಜಿ, ಉದುರಿದ ಬೇರನ್ನು ಮೊರದಲ್ಲಿ ಕೇರಿ ತೆಗೆಯಿರಿ. ಹುರಿಯುವಾಗ ಹೆಚ್ಚಿನವರು ಎಡವುತ್ತಾರೆ. ಘಮ ಬರಲೆಂದು ಜೋರು ಉರಿಯಲ್ಲಿ ಕೆಂಪಗೆ ಹುರಿದರೆ ಎರಡು ದಿನ ಕಾದು ಪಡೆದ ಕಿಣ್ವ ಸತ್ತುಹೋಗುತ್ತದೆ. ರಾಗಿಯನ್ನು ಸಣ್ಣ ಉರಿಯಲ್ಲಿ ಬೆಚ್ಚಗಾಗಿಸಿದರೆ ಸಾಕು. ಹೆಸರುಕಾಳನ್ನು ಮಾತ್ರ ಹಸಿ ವಾಸನೆ ಹೋಗುವಂತೆ ಹುರಿಯಿರಿ. ಕಡಲೆಬೀಜದಲ್ಲಿ ಸುಕ್ಕಿದ್ದು, ಬಣ್ಣ ಕೆಟ್ಟಿದ್ದು, ಕಹಿಯಾಗಿದ್ದನ್ನು ಒಂದೊಂದಾಗಿ ಆರಿಸಿ ಎಸೆಯಿರಿ. ಎಣ್ಣೆ ಬಿಡದಂತೆ ಬೀಜಗಳನ್ನು ಹುರಿಗಡಲೆಯ ಜೊತೆಗೇ ಪುಡಿ ಮಾಡಿ.

ಈಗ ಲೆಕ್ಕ. ಸಾಮಾನುಗಳ ಪೋಷಕಾಂಶವನ್ನು ಕೂಡಿದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 355 ಕಿಲೋಕ್ಯಾಲರಿ, 13 ಗ್ರಾಂ ಪ್ರೋಟೀನ್, 9 ಗ್ರಾಂ ಕೊಬ್ಬು, 55 ಗ್ರಾಂ ಕಾರ್ಬೋಹೈಡ್ರೇಟ್, 250 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮಟ್ಟಸವಾಗಿ ಗೀಚಿದ ಒಂದು ಟೇಬಲ್ ಚಮಚ ಹಿಟ್ಟು ಸುಮಾರು 8 ಗ್ರಾಂ ತೂಗುತ್ತದೆ. ಅಂದರೆ ಒಂದು ಚಮಚಕ್ಕೆ 28 ಕಿಲೋಕ್ಯಾಲರಿ, 1 ಗ್ರಾಂ ಪ್ರೋಟೀನ್, ಮುಕ್ಕಾಲು ಗ್ರಾಂಗಿಂತ ಚೂರು ಕಡಿಮೆ ಕೊಬ್ಬು, ನಾಲ್ಕೂವರೆ ಗ್ರಾಂ ಕಾರ್ಬೋಹೈಡ್ರೇಟ್, 20 ಮಿಲಿಗ್ರಾಂ ಕ್ಯಾಲ್ಸಿಯಂ. ಗೋಪುರದಂತೆ ತುಂಬಿದ ಚಮಚವಾದರೆ ಇದೆಲ್ಲ ಒಂದೂವರೆ ಪಟ್ಟಿಗೂ ಮೇಲೆ ಹೋಗಬಹುದು.

ಐದು ವರ್ಷದ ಮಗುವಿನ ಒಂದು ಲೋಟ ತೆಗೆದುಕೊಳ್ಳಿ. ಎರಡು ಚಮಚ ಹಿಟ್ಟು, 150 ಮಿಲಿಲೀಟರ್ ಟೋನ್ಡ್ ಹಾಲು, 50 ಮಿಲಿಲೀಟರ್ ನೀರು, 5 ಗ್ರಾಂ ಬೆಲ್ಲ. ಒಟ್ಟು ಸುಮಾರು 160 ಕಿಲೋಕ್ಯಾಲರಿ, 7 ಗ್ರಾಂ ಪ್ರೋಟೀನ್, 6 ಗ್ರಾಂ ಕೊಬ್ಬು, 20 ಗ್ರಾಂ ಕಾರ್ಬೋಹೈಡ್ರೇಟ್, 220 ಮಿಲಿಗ್ರಾಂ ಕ್ಯಾಲ್ಸಿಯಂ. ಐಸಿಎಂಆರ್ ಲೆಕ್ಕದಲ್ಲಿ ಈ ವಯಸ್ಸಿಗೆ ದಿನಕ್ಕೆ 16 ಗ್ರಾಂ ಪ್ರೋಟೀನ್, 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಲೋಟ ಚೆನ್ನಾಗಿಯೇ ಇದೆ. ಆದರೆ ಆ 7 ಗ್ರಾಂ ಪ್ರೋಟೀನಿನಲ್ಲಿ ಹಿಟ್ಟಿನಿಂದ ಬಂದದ್ದು 2 ಗ್ರಾಂ ಮಾತ್ರ, ಉಳಿದದ್ದು ಹಾಲಿನದು. ಅದೇ ಎರಡು ಚಮಚವನ್ನು ಬರೀ ನೀರಿನಲ್ಲಿ ಕಾಯಿಸಿದರೆ ಬೆಲ್ಲವೂ ಸೇರಿ ಸಿಗುವುದು 75 ಕಿಲೋಕ್ಯಾಲರಿ, 2 ಗ್ರಾಂ ಪ್ರೋಟೀನ್, 40 ಮಿಲಿಗ್ರಾಂ ಕ್ಯಾಲ್ಸಿಯಂ. ಇದನ್ನು ತಿಂಡಿ ಎನ್ನಲಾಗದು.

ಹಾಲು ಒಗ್ಗದ, ಹಾಲು ಕೊಳ್ಳಲಾಗದ ಮನೆಯಲ್ಲಿ ಏನು ಮಾಡುವುದು? ಇಲ್ಲೇ ಮೊಳಕೆ ಕೈಹಿಡಿಯುತ್ತದೆ. ನೀರಿನ ಲೋಟಕ್ಕೆ ನಾಲ್ಕು ಚಮಚ ಹಾಕಿ, ಹಿಟ್ಟಿನ ಕಿಣ್ವ ಬದುಕಿದ್ದರೆ ಅದು ಕುಡಿಯುವ ಹದದಲ್ಲೇ ಉಳಿಯುತ್ತದೆ. ಆಗ ಬೆಲ್ಲವೂ ಸೇರಿ 130 ಕಿಲೋಕ್ಯಾಲರಿ, 4 ಗ್ರಾಂ ಪ್ರೋಟೀನ್ ಸಿಗುತ್ತದೆ. ಕ್ಯಾಲ್ಸಿಯಂ 80 ಮಿಲಿಗ್ರಾಂ ದಾಟದು, ಅದನ್ನು ಸೊಪ್ಪು, ಎಳ್ಳು, ಮುದ್ದೆಯಿಂದ ತುಂಬಿಸಬೇಕು.

ಕಾಯಿಸುವ ಕ್ರಮವೂ ಮುಖ್ಯ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿ ಮಾಡಿ. ಕುದಿಯುವ ನೀರಿಗೆ ಹಾಕಿದರೆ ಗಂಟಾಗುತ್ತದೆ, ಕಿಣ್ವಕ್ಕೆ ಕೆಲಸ ಮಾಡಲು ಹೊತ್ತೂ ಸಿಗದು. ಕೊನೆಗೆ ಐದಾರು ನಿಮಿಷ ಚೆನ್ನಾಗಿ ಕುದಿಸಲೇಬೇಕು. ಮೊಳಕೆಯ ತೇವದಲ್ಲಿ ಬ್ಯಾಕ್ಟೀರಿಯಾ ಬೆಳೆದಿರಬಹುದು, ಲಘುವಾಗಿ ಹುರಿದದ್ದು ಅದಕ್ಕೆ ಸಾಲದು. ಬಿಸಿ ಹಾಲಿಗೆ ಉದುರಿಸಿ ಕಲಸಿ ಕೊಡುವ ಪುಡಿ ಇದಲ್ಲ.

ಆರು ತಿಂಗಳು ತುಂಬಿದ ಕೂಸಿಗೆ ಈ ಮಿಶ್ರಣವನ್ನು ಒಮ್ಮೆಗೇ ಶುರುಮಾಡಬೇಡಿ. ಮೊದಲು ರಾಗಿ ಸರಿ ಕೊಡಿ, ಕೆಲವು ದಿನ ಬಿಟ್ಟು ಕಾಳು, ಆಮೇಲೆ ಬೀಜಗಳನ್ನು ಬೇರೆಬೇರೆಯಾಗಿ ಸ್ವಲ್ಪವೇ ಕೊಟ್ಟು ದದ್ದು, ವಾಂತಿ, ತುಟಿ ಊತ ಬರುತ್ತದೆಯೇ ನೋಡಿ. ಎರಡು ವರ್ಷದೊಳಗೆ ಬೆಲ್ಲ, ಸಕ್ಕರೆ ಬೇಡ.

ಬೀಜದ ಎಣ್ಣೆಯಿಂದಾಗಿ ಈ ಹಿಟ್ಟು ಬೇಗ ಕಮಟುತ್ತದೆ. ಒಂದು ತಿಂಗಳಿಗೆ ಆಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿಡಿ. ಡಬ್ಬಿ ತುಂಬುವ ದಿನ ನಿಮ್ಮ ಮನೆಯ ಚಮಚದಿಂದ ಹತ್ತು ಚಮಚ ಹಿಟ್ಟು ತೂಗಿ, ಹತ್ತರಿಂದ ಭಾಗಿಸಿ, ಬಂದ ತೂಕವನ್ನೂ ಅಂದಿನ ತಾರೀಕನ್ನೂ ಮುಚ್ಚಳದ ಮೇಲೆ ಬರೆದಿಡಿ.