ಎಡಬದಿಯ ಕಾಲಂನಿಂದ ಮಾಹಿತಿ ಪಡೆಯುವ ವಿಧಾನ: INDEX ಮತ್ತು MATCH ಸೂತ್ರಗಳ ಜೋಡಿ ಬಳಕೆ

ಪೀಣ್ಯ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಕರಲ್ಲಿ ಒಂದೇ ವಸ್ತುವಿಗೆ ಎರಡು ಗುರುತುಗಳಿರುವುದು ಸಾಮಾನ್ಯ. ತಯಾರಕರು ತಮ್ಮ ದಾಸ್ತಾನು ಪಟ್ಟಿಯಲ್ಲಿ ಬಳಸುವ ಸಂಕೇತ ಒಂದು. ಗ್ರಾಹಕ ಕಂಪನಿಯು ಖರೀದಿ ಆದೇಶದಲ್ಲಿ ನಮೂದಿಸುವ ಪಾರ್ಟ್ ನಂಬರ್ ಮತ್ತೊಂದು. ಆದೇಶ ಬಂದೊಡನೆ ಪಾರ್ಟ್ ನಂಬರಿನಿಂದ ನಮ್ಮ ಸಂಕೇತವನ್ನು ಹುಡುಕಬೇಕಾಗುತ್ತದೆ. ಎಕ್ಸೆಲ್‌ನಲ್ಲಿ ಇದಕ್ಕೆ ಹೆಚ್ಚಿನವರು ಬಳಸುವುದು VLOOKUP ಸೂತ್ರ. ಆದರೆ ಅದು ಆಯ್ದ ಪಟ್ಟಿಯ ಮೊದಲ ಕಾಲಂನಲ್ಲಿ ಮಾತ್ರ ಹುಡುಕಿ, ಅಲ್ಲಿಂದ ಬಲಕ್ಕಿರುವ ಮಾಹಿತಿಯನ್ನಷ್ಟೇ ಕೊಡಬಲ್ಲದು. ಬೇಕಾದ ಮಾಹಿತಿಯು ಎಡಕ್ಕಿದ್ದರೆ ಅದು ನಿರುಪಯೋಗಿ.

ಉದಾಹರಣೆಗೆ, ಈ ಕೆಳಗಿನ ಪಟ್ಟಿಯನ್ನು ಗಮನಿಸಿ. ಶೀರ್ಷಿಕೆಗಳು ಮೊದಲನೆಯ ಸಾಲಿನಲ್ಲಿದ್ದು, ವಿವರಗಳು ಎರಡನೆಯ ಸಾಲಿನಿಂದ ಆರನೆಯ ಸಾಲಿನವರೆಗೆ ಇವೆ.

| ಸಾಲು | A: ನಮ್ಮ ಸಂಕೇತ | B: ವಸ್ತು | C: ದರ (ರೂ.) | D: ಪಾರ್ಟ್ ನಂಬರ್ |
|---|---|---|---|---|
| 2 | P-11 | ಬುಷ್ | 42 | 70415 |
| 3 | P-12 | ಪಿನ್ | 18 | 70233 |
| 4 | P-13 | ಸ್ಪೇಸರ್ | 26 | 70388 |
| 5 | P-14 | ಫ್ಲಾಂಜ್ | 165 | 70102 |
| 6 | P-15 | ಶಾಫ್ಟ್ | 310 | 70290 |

ಆದೇಶದಲ್ಲಿರುವ 70388 ಎಂಬ ಸಂಖ್ಯೆಯನ್ನು F2 ಕೋಶದಲ್ಲಿ ಬರೆದು, ಪಕ್ಕದ G2 ಕೋಶದಲ್ಲಿ ಈ ಸೂತ್ರವನ್ನು ಕೊಡಬೇಕು:

```
=INDEX($A$2:$A$6,MATCH(F2,$D$2:$D$6,0))
```

ಇಲ್ಲಿ ಕೆಲಸವು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು MATCH ಸೂತ್ರವು D ಕಾಲಂನಲ್ಲಿ 70388 ಎಷ್ಟನೆಯ ಸ್ಥಾನದಲ್ಲಿದೆ ಎಂದು ಎಣಿಸಿ, 3 ಎಂಬ ಉತ್ತರ ನೀಡುತ್ತದೆ. ಬಳಿಕ INDEX ಸೂತ್ರವು A ಕಾಲಂನ ಆಯ್ದ ಭಾಗದಲ್ಲಿ ಮೂರನೆಯ ಸ್ಥಾನದಲ್ಲಿರುವ P-13 ಅನ್ನು ತಂದುಕೊಡುತ್ತದೆ. ಸ್ಥಾನವೊಂದೇ ಮುಖ್ಯವಾದ್ದರಿಂದ ಎಡ-ಬಲಗಳ ಭೇದವಿಲ್ಲ. ಡಾಲರ್ ಚಿಹ್ನೆಗಳಿರುವ ಕಾರಣ, ಸೂತ್ರವನ್ನು ಕೆಳಗಿನ ಸಾಲುಗಳಿಗೆ ನಕಲು ಮಾಡಿದಾಗಲೂ ಪಟ್ಟಿಯ ವ್ಯಾಪ್ತಿ ಜರುಗುವುದಿಲ್ಲ.

ಸೂತ್ರದ ಕೊನೆಯಲ್ಲಿರುವ ಸೊನ್ನೆಯನ್ನು ಬಿಡುವುದು ಅತ್ಯಂತ ಅಪಾಯಕಾರಿ ತಪ್ಪು. ಸೊನ್ನೆ ಎಂದರೆ ತದ್ವತ್ ಹೊಂದುವ ಸಂಖ್ಯೆಯನ್ನೇ ಹುಡುಕು ಎಂದರ್ಥ. ಅದಿಲ್ಲದಿದ್ದರೆ, ಪಟ್ಟಿಯು ಏರಿಕೆ ಕ್ರಮದಲ್ಲಿದೆ ಎಂದು ಭಾವಿಸಿ ಎಕ್ಸೆಲ್ ಸಮೀಪದ ಬೆಲೆಯನ್ನು ಹುಡುಕುತ್ತದೆ. ನಮ್ಮ ಪಟ್ಟಿ ಆ ಕ್ರಮದಲ್ಲಿಲ್ಲ. ಸೊನ್ನೆಯಿಲ್ಲದೆ 70415 ಅನ್ನು ಹುಡುಕಿದರೆ P-11 ಬದಲು P-15 ಎಂಬ ಉತ್ತರ ಬರುತ್ತದೆ. ದರವನ್ನೂ ಇದೇ ಬಗೆಯಲ್ಲಿ ಪಡೆದರೆ, 42 ರೂಪಾಯಿಯ ಬುಷ್‌ಗೆ 310 ರೂಪಾಯಿಯ ಬಿಲ್ಲು ಸಿದ್ಧವಾಗುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡುವುದಿಲ್ಲ.

ಇದೇ ರೀತಿ ಸದ್ದಿಲ್ಲದೆ ನುಸುಳುವ ಇನ್ನೊಂದು ತಪ್ಪು ಎರಡು ವ್ಯಾಪ್ತಿಗಳ ಆರಂಭಕ್ಕೆ ಸಂಬಂಧಿಸಿದ್ದು. D ಕಾಲಂ ಎರಡನೆಯ ಸಾಲಿನಿಂದ ಆರಂಭವಾಗಿ, A ಕಾಲಂ ಶೀರ್ಷಿಕೆಯ ಸಾಲಿನಿಂದಲೇ ಆರಂಭವಾದರೆ, ಪ್ರತಿ ಉತ್ತರವೂ ಒಂದು ಸಾಲು ಮೇಲಿನದಾಗಿರುತ್ತದೆ. ಆಗ ಸ್ಪೇಸರ್ ಕೇಳಿದ ಗ್ರಾಹಕರಿಗೆ ಪಿನ್ ರವಾನೆಯಾದೀತು.

ಇವೆರಡಕ್ಕಿಂತ ಭಿನ್ನವಾಗಿ, #N/A ಎಂಬ ಉತ್ತರವು ದೋಷವನ್ನು ಬಹಿರಂಗವಾಗಿಯೇ ತಿಳಿಸುತ್ತದೆ. ಸಂಖ್ಯೆಯು ಪಟ್ಟಿಯಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಹೀಗೆ ಬಂದರೆ, ಗ್ರಾಹಕರ ಕಡತದಿಂದ ನಕಲು ಮಾಡಿದ 70388 ಸಂಖ್ಯೆಯಾಗಿರದೆ ಅಕ್ಷರರೂಪದಲ್ಲಿರುವ ಸಂಭವ ಹೆಚ್ಚು. ಬೇರೊಂದು ಕೋಶದಲ್ಲಿ ಹೀಗೆ ಪರೀಕ್ಷಿಸಬಹುದು:

```
=ISNUMBER(F2)
```

FALSE ಎಂದು ಬಂದರೆ ಅದು ಅಕ್ಷರರೂಪ. ಆಗ ಮುಖ್ಯ ಸೂತ್ರದಲ್ಲಿ F2 ಬದಲು F2*1 ಎಂದು ಬರೆದರೆ ಸಂಖ್ಯೆಯಾಗಿ ಪರಿವರ್ತನೆಯಾಗುತ್ತದೆ. ಆದರೆ ಸೊನ್ನೆಯಿಂದ ಆರಂಭವಾಗುವ ಪಾರ್ಟ್ ನಂಬರುಗಳಿದ್ದಲ್ಲಿ ಈ ಉಪಾಯ ಸಲ್ಲದು, ಏಕೆಂದರೆ ಮುಂದಿನ ಸೊನ್ನೆಗಳು ಅಳಿದುಹೋಗುತ್ತವೆ. ಅಂಥ ಪಟ್ಟಿಗಳಲ್ಲಿ ಎರಡೂ ಕಡೆ ಅಕ್ಷರರೂಪವನ್ನೇ ಉಳಿಸಿಕೊಳ್ಳಬೇಕು.

ಒಂದೇ ಪಾರ್ಟ್ ನಂಬರ್ ಎರಡು ಬಾರಿ ಇದ್ದರೆ ಈ ಸೂತ್ರವು ಮೊದಲನೆಯದನ್ನು ಮಾತ್ರ ಕೊಡುತ್ತದೆ ಎಂಬುದನ್ನೂ ಮರೆಯಬಾರದು. ಹಳೆಯ ದರದ ಸಾಲನ್ನು ಅಳಿಸದೆ ಕೆಳಗೆ ಹೊಸ ದರ ಸೇರಿಸಿದವರಿಗೆ ಹಳೆಯ ದರವೇ ಬರುತ್ತಿರುತ್ತದೆ.

ಎಕ್ಸೆಲ್ 2021 ಹಾಗೂ ಮೈಕ್ರೋಸಾಫ್ಟ್ 365 ಆವೃತ್ತಿಗಳಲ್ಲಿ ಈ ಕೆಲಸವನ್ನು XLOOKUP ಒಂದೇ ಮಾಡುತ್ತದೆ. ಆದರೆ 2016 ಮತ್ತು 2019ರ ಆವೃತ್ತಿಗಳಲ್ಲಿ ಅದು ಇಲ್ಲವಾದ್ದರಿಂದ, ಲೆಕ್ಕಿಗರು ಅಥವಾ ಗ್ರಾಹಕರೊಡನೆ ಹಂಚಿಕೊಳ್ಳುವ ಕಡತಗಳಿಗೆ ಈ ಜೋಡಿ ಸೂತ್ರವೇ ಕ್ಷೇಮಕರ. ಬಿಲ್ಲುಗಳಿಗೆ ಬಳಸುವ ಮುನ್ನ ಪಟ್ಟಿಯ ಮೊದಲ, ನಡುವಿನ ಮತ್ತು ಕೊನೆಯ ಸಾಲಿನ ಪಾರ್ಟ್ ನಂಬರುಗಳನ್ನು ಕೊಟ್ಟು ಉತ್ತರಗಳನ್ನು ತಾಳೆ ನೋಡುವುದು ಒಳ್ಳೆಯದು. ಮೇಲೆ ಹೇಳಿದ ಸದ್ದಿಲ್ಲದ ಎರಡು ತಪ್ಪುಗಳೂ ನಮ್ಮ ಪಟ್ಟಿಯಲ್ಲಿ ಈ ಪರೀಕ್ಷೆಯಿಂದಲೇ ಬಯಲಾಗುತ್ತವೆ.