ಕಂಪನಿಗೆ ಲಾಭ ಬಂದಿದ್ದು ವ್ಯಾಪಾರದಿಂದಲಾ, ಅನುದಾನದಿಂದಲಾ? ವಾಟ್ಸಾಪ್‌ಗೆ ಬಂದ ಲೆಕ್ಕದ ಫೋಟೊದಲ್ಲೇ ಉತ್ತರ ಇದೆ

ರೈತ ಉತ್ಪಾದಕ ಕಂಪನಿಯಲ್ಲಿ ನಿಮ್ಮ ಷೇರು ಇದ್ದರೆ, ವಾರ್ಷಿಕ ಸಭೆಗೆ ಕನಿಷ್ಠ 14 ದಿನ ಮುಂಚೆ ನೋಟಿಸ್ ಬರಬೇಕು, ಜೊತೆಗೆ ಆಡಿಟ್ ಆದ ಲೆಕ್ಕಪತ್ರವೂ ಬರಬೇಕು. ಈಗೆಲ್ಲ ಅದು ವಾಟ್ಸಾಪ್ ಗುಂಪಿಗೆ ಫೋಟೊ ಆಗಿ ಬರುತ್ತೆ. ನಾವು ಮಾಡೋದೇನು? ಜೂಮ್ ಮಾಡಿ ಕೊನೇ ಸಾಲು ನೋಡ್ತೀವಿ. ಲಾಭ ಅಂತ ಇದ್ದರೆ ಒಂದು ಹೆಬ್ಬೆರಳು ಒತ್ತಿ ಮುಂದೆ ಹೋಗ್ತೀವಿ. ಆಮೇಲೆ ಸಭೆಯಲ್ಲಿ "ವ್ಯಾಪಾರ ಬೆಳೀತಿದೆ, ಇನ್ನೂ ಸ್ವಲ್ಪ ಷೇರು ಹಣ ಹಾಕಿ" ಅಂದಾಗ, ಹಾಕಬೇಕೋ ಬೇಡವೋ ಅಂತ ಹೇಳೋಕೆ ನಮ್ಮ ಹತ್ತಿರ ಏನೂ ಇರಲ್ಲ.

ನಾನು ಓದಿದ್ದು ತೋಟಗಾರಿಕೆ, ಕಾಮರ್ಸ್ ಅಲ್ಲ. ಆದರೂ ಪ್ರತಿ ವರ್ಷ ಈ ಫೋಟೊದಿಂದ ಎಂಟೇ ಅಂಕಿ ತೆಗೆದು ಮೂರು ಮಾರ್ಜಿನ್ ಲೆಕ್ಕ ಹಾಕ್ತೀನಿ. ಅರ್ಧ ಗಂಟೆ ಕೆಲಸ. ಅದನ್ನೇ ಇಲ್ಲಿ ಒಂದು ಮಾದರಿ ಕಂಪನಿ ಇಟ್ಟುಕೊಂಡು ತೋರಿಸ್ತೀನಿ. ಅಂಕಿಗಳು ವಿವರಣೆಗೆ ನಾನೇ ಹಾಕಿದ್ದು. ಸಾಲುಗಳ ಕ್ರಮ ಮಾತ್ರ ನಿಮ್ಮ ಕಂಪನಿಯ ಪಟ್ಟಿಯಲ್ಲೂ ಹೆಚ್ಚುಕಡಿಮೆ ಹೀಗೇ ಇರುತ್ತೆ, ಯಾಕಂದ್ರೆ 2013ರ ಕಂಪನಿ ಕಾಯ್ದೆಯೇ ಈ ನಮೂನೆ ಕೊಟ್ಟಿದೆ.

ಫೋಟೊದಿಂದ ಅಂಕಿ ತೆಗೆಯೋದು

ಮೊದಲು ಕಾರ್ಯದರ್ಶಿಯವರನ್ನೋ ಸಿಇಒ ಅವರನ್ನೋ ಕೇಳಿ, ಫೋಟೊ ಬದಲು ಡಾಕ್ಯುಮೆಂಟ್ ಆಗಿ ಕಳಿಸಲಿ. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತೆ, ಆಗ 3 ಮತ್ತು 8, 6 ಮತ್ತು 0 ಕಲೆಸಿ ಹೋಗ್ತವೆ. ಆಮೇಲೆ ಗೂಗಲ್ ಲೆನ್ಸ್‌ನಲ್ಲಿ ತೆರೆದು, ಅಕ್ಷರಗಳನ್ನು ಆಯ್ಕೆ ಮಾಡಿ ಕಾಪಿ ಮಾಡಿ. ನಮ್ಮ ಮಾದರಿ ಕಂಪನಿಯದ್ದು ಹೀಗೆ ಬರುತ್ತೆ ಅಂದುಕೊಳ್ಳಿ:

```
Revenue from operations    17  84,60,000  72,00,000
Other income               18   6,35,000   1,10,000
Purchases of stock-in-trade 19 79,20,000  65,40,000
Changes in inventories     20 (2,46,000)   (60,000)
Employee benefits expense  21   5,40,000   4,20,000
Finance costs              22   1,32,000     90,000
Depreciation                      68,000     70,000
Other expenses             23   3,96,000   2,10,000
Total expenses                 88,10,000  72,70,000
Profit before tax               2,85,000     40,000
```

ಮಧ್ಯದ 17, 18 ಅನ್ನೋದು ದುಡ್ಡಲ್ಲ, ಟಿಪ್ಪಣಿ ಸಂಖ್ಯೆ. ಆ ಸಾಲಿನ ಒಳವಿವರ ಹಿಂದಿನ ಪುಟಗಳಲ್ಲಿ ಯಾವ ಟಿಪ್ಪಣಿಯಲ್ಲಿದೆ ಅಂತ ಅದು ಹೇಳುತ್ತೆ. ಮೊದಲ ಮೊತ್ತ ಈ ವರ್ಷದ್ದು, ಎರಡನೆಯದು ಹಿಂದಿನ ವರ್ಷದ್ದು.

ಇದನ್ನು ಗೂಗಲ್ ಶೀಟ್‌ಗೆ ಹಾಗೇ ಅಂಟಿಸಬೇಡಿ. ಮೇಲಿನ ಎಂಟು ಸಾಲನ್ನು ಕೈಯಲ್ಲೇ ಟೈಪ್ ಮಾಡಿ, ಅಲ್ಪವಿರಾಮ ಬಿಟ್ಟು. ಮಾರಾಟ B2ರಲ್ಲಿ, ಇತರೆ ಆದಾಯ B3ರಲ್ಲಿ, ಖರೀದಿಯಿಂದ ಇತರೆ ಖರ್ಚಿನವರೆಗೆ B4ರಿಂದ B9. ಹಿಂದಿನ ವರ್ಷದ್ದು ಪಕ್ಕದ C ಕಾಲಂನಲ್ಲಿ. ಆವರಣದಲ್ಲಿರೋ ಅಂಕಿಯನ್ನು ಮೈನಸ್ ಹಾಕಿ ಬರೀಬೇಕು: B5ರಲ್ಲಿ -246000.

ಈ ಆವರಣ ಯಾಕೆ ಅಂದ್ರೆ, ವರ್ಷದಲ್ಲಿ ಕೊಂಡ ಮಾಲೆಲ್ಲ ಮಾರಿ ಹೋಗಿರಲ್ಲ. ಗೋದಾಮಿನ ದಾಸ್ತಾನು ಹೋದ ಮಾರ್ಚ್ 31ಕ್ಕಿಂತ ಈ ಮಾರ್ಚ್ 31ಕ್ಕೆ 2,46,000 ರೂಪಾಯಿಯಷ್ಟು ಹೆಚ್ಚಿದೆ. ಅದು ಇನ್ನೂ ಖರ್ಚಾಗಿಲ್ಲ, ಹಾಗಾಗಿ ಖರೀದಿಯಿಂದ ಕಳೀತಾರೆ.

ಮೊದಲು ಕೂಡಿ ನೋಡಿ, ಆಮೇಲೆ ಶೇಕಡಾ

ತಪ್ಪು ಅಂಕಿಯಿಂದಲೂ ಶೇಕಡಾ ಬಂದೇ ಬರುತ್ತೆ, ನೋಡೋಕೂ ಸರಿಯಾಗೇ ಕಾಣುತ್ತೆ. ಅದಕ್ಕೇ ಮೊದಲು ಖರ್ಚಿನ ಸಾಲುಗಳನ್ನು ಕೂಡಿ:

```
=SUM(B4:B9)
```

ಉತ್ತರ 8810000 ಬರಬೇಕು, ಫೋಟೊದಲ್ಲಿರೋ ಒಟ್ಟು ಖರ್ಚಿಗೆ ಸರಿಯಾಗಿ. ಬರಲಿಲ್ಲ ಅಂದ್ರೆ ಆ ವ್ಯತ್ಯಾಸವೇ ತಪ್ಪು ಎಲ್ಲಿದೆ ಅಂತ ಹೇಳುತ್ತೆ.

ಲೆನ್ಸ್ ಆವರಣವನ್ನು ನುಂಗಿಬಿಟ್ಟಿತು, ನೀವೂ ಮೈನಸ್ ಹಾಕಲಿಲ್ಲ ಅಂದುಕೊಳ್ಳಿ. ಮೊತ್ತ 93,02,000 ಆಗುತ್ತೆ, ವ್ಯತ್ಯಾಸ 4,92,000. ಅದರ ಅರ್ಧ ಮಾಡಿ: 2,46,000. ಹೀಗೆ ವ್ಯತ್ಯಾಸದ ಅರ್ಧ ಯಾವುದಾದರೂ ಸಾಲಿನ ಅಂಕಿಗೆ ಸಮ ಬಂದರೆ, ಆ ಸಾಲಿನ ಮೈನಸ್ ಬಿಟ್ಟುಹೋಗಿದೆ ಅಂತ ಅರ್ಥ.

3,96,000 ಬದಲು 3,69,000 ಅಂತ ಟೈಪ್ ಆದರೆ ವ್ಯತ್ಯಾಸ 27,000. ಇದನ್ನು 9ರಿಂದ ಭಾಗಿಸಿದರೆ ಶೇಷ ಉಳಿಯಲ್ಲ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ ಹೀಗೇ ಇರುತ್ತೆ. ವ್ಯತ್ಯಾಸ ಕೋಟಿಗಟ್ಟಲೆ ಬಂದಿದ್ದರೆ ಟಿಪ್ಪಣಿ ಸಂಖ್ಯೆ ಮೊತ್ತಕ್ಕೆ ಅಂಟಿಕೊಂಡಿರುತ್ತೆ: 21 ಮತ್ತು 5,40,000 ಸೇರಿ 2,15,40,000 ಆಗಿರುತ್ತೆ.

C ಕಾಲಂನಲ್ಲೂ ಇದೇ ಪರೀಕ್ಷೆ ಮಾಡಿ. ಪುಟ ಬಾಗಿದ್ದಾಗ ತೆಗೆದ ಫೋಟೊದಲ್ಲಿ ಒಂದು ಸಾಲಿನ ಅಂಕಿ ಇನ್ನೊಂದು ಸಾಲಿಗೆ ಜಾರಿರುತ್ತೆ.

ಮೂರು ಮಾರ್ಜಿನ್

ಎಲ್ಲದಕ್ಕೂ ಕೆಳಗಿನ ಭಾಜಕ ಮಾರಾಟ ಒಂದೇ, ಅಂದರೆ B2. ಇತರೆ ಆದಾಯ ಸೇರಿಸಿದ ಒಟ್ಟು ಆದಾಯ ಅಲ್ಲ.

```
=(B2-B4-B5)/B2
=(B2-B4-B5-B6-B8-B9)/B2
=(B2+B3-SUM(B4:B9))/B2
```

ಮೊದಲನೆಯದು ಒಟ್ಟು ಮಾರ್ಜಿನ್. ಮಾಲಿನ ಅಸಲು ಕಳೆದ ಮೇಲೆ ನೂರು ರೂಪಾಯಿ ಮಾರಾಟಕ್ಕೆ ಎಷ್ಟು ಉಳೀತು ಅಂತ. ಹೋದ ವರ್ಷ 72 ಲಕ್ಷಕ್ಕೆ 7,20,000 ಉಳಿದಿತ್ತು, ಅಂದರೆ ಶೇ. 10. ಈ ವರ್ಷ 84,60,000ಕ್ಕೆ 7,86,000, ಅಂದರೆ ಶೇ. 9.29.

ಎರಡನೆಯದು ವ್ಯಾಪಾರದ ಮಾರ್ಜಿನ್. ಅಸಲಿನ ಜೊತೆ ಸಂಬಳ, ಸವಕಳಿ, ಬಾಡಿಗೆ-ಸಾಗಾಣಿಕೆಯಂಥ ಇತರೆ ಖರ್ಚನ್ನೂ ಕಳೀಬೇಕು. ಬಡ್ಡಿ ಕಳೆಯಲ್ಲ, ಇತರೆ ಆದಾಯ ಕೂಡಲ್ಲ. ಹೋದ ವರ್ಷ 20,000 ಉಳಿದಿತ್ತು, ಶೇ. 0.28. ಈ ವರ್ಷ 2,18,000 ನಷ್ಟ, ಅಂದರೆ ಮೈನಸ್ ಶೇ. 2.58.

ಮೂರನೆಯದು ಎಲ್ಲ ಕೂಡಿ ಕಳೆದು, ತೆರಿಗೆಗೆ ಮುಂಚೆ ಉಳಿಯೋ ಮಾರ್ಜಿನ್. ಹೋದ ವರ್ಷ ಶೇ. 0.56, ಈ ವರ್ಷ ಶೇ. 3.37.

ಈಗ ಮೂರನ್ನೂ ಒಟ್ಟಿಗೆ ನೋಡಿ. ಕೊನೇ ಸಾಲಿನ ಲಾಭ 40,000ದಿಂದ 2,85,000ಕ್ಕೆ ಏರಿದೆ, ಮಾರಾಟವೂ ಶೇ. 17.5ರಷ್ಟು ಬೆಳೆದಿದೆ. ಆದರೆ ವ್ಯಾಪಾರ ಮಾತ್ರ ಲಾಭದಿಂದ ನಷ್ಟಕ್ಕೆ ಇಳಿದಿದೆ. ಎರಡನೇ ಮಾರ್ಜಿನ್ ಮೈನಸ್, ಮೂರನೆಯದು ಪ್ಲಸ್ ಅಂತ ಬಂದರೆ, ಮಧ್ಯೆ ಇತರೆ ಆದಾಯ ಬಂದು ಎತ್ತಿ ಹಿಡಿದಿದೆ ಅಂತಲೇ ಅರ್ಥ.

ಟಿಪ್ಪಣಿ 18 ತೆರೆಯಿರಿ

ನಮ್ಮ ಮಾದರಿಯಲ್ಲಿ ಆ 6,35,000ದಲ್ಲಿ 35,000 ಬ್ಯಾಂಕ್ ಬಡ್ಡಿ, 6,00,000 ಅನುದಾನ ಅಂತ ಇಟ್ಟುಕೊಳ್ಳಿ. 2020ರಲ್ಲಿ ಶುರುವಾದ ಕೇಂದ್ರದ 10,000 ಎಫ್‌ಪಿಒ ಯೋಜನೆಯಲ್ಲಿ ಸಿಇಒ ಸಂಬಳ, ಕಚೇರಿ ಬಾಡಿಗೆಯಂಥ ನಿರ್ವಹಣಾ ಖರ್ಚಿಗೆ ಒಂದು ಕಂಪನಿಗೆ 3 ವರ್ಷದಲ್ಲಿ ಗರಿಷ್ಠ 18 ಲಕ್ಷ ಸಿಗುತ್ತೆ. ಈ ಹಣ ಬರೋದರಲ್ಲಿ ತಪ್ಪೇನಿಲ್ಲ, ಅದು ಇರೋದೇ ಆರಂಭದ ಖರ್ಚಿಗೆ. ಆದರೆ ಮೂರು ವರ್ಷ ಮುಗಿದ ಮೇಲೆ ಅದು ನಿಲ್ಲುತ್ತೆ, ಸಂಬಳ ಮತ್ತು ಬಾಡಿಗೆ ನಿಲ್ಲಲ್ಲ.

ಅನುದಾನ ತೆಗೆದು ನೋಡಿದರೆ 2,85,000 ಲಾಭ ಹೋಗಿ 3,15,000 ನಷ್ಟ ಉಳಿಯುತ್ತೆ. ಈಗಿರೋ ಶೇ. 9.29 ಒಟ್ಟು ಮಾರ್ಜಿನ್‌ನಲ್ಲೇ ಇದನ್ನು ತುಂಬಬೇಕು ಅಂದ್ರೆ 3,15,000ವನ್ನು 0.0929ರಿಂದ ಭಾಗಿಸಿ. ಸುಮಾರು 34 ಲಕ್ಷ ಬರುತ್ತೆ. ಅಂದರೆ ಸಂಬಳ, ಬಾಡಿಗೆ ಒಂದು ರೂಪಾಯಿಯೂ ಏರದಂತೆ, ಮಾರಾಟ 84.6 ಲಕ್ಷದಿಂದ 118 ಲಕ್ಷ ದಾಟಬೇಕು. ಷೇರು ಹಣ ಕೇಳುವಾಗ ನಿರ್ದೇಶಕರ ಹತ್ತಿರ ಈ 34 ಲಕ್ಷಕ್ಕೆ ಏನು ದಾರಿ ಇದೆ, ಯಾವ ಬೆಳೆ, ಯಾವ ಖರೀದಿದಾರ ಅಂತ ಕೇಳಬೇಕು.

ಮಾರ್ಜಿನ್ ಹೇಳದೇ ಇರೋದು

ಒಟ್ಟು ಮಾರ್ಜಿನ್ ಶೇ. 10ರಿಂದ 9.29ಕ್ಕೆ ಇಳಿದಿದ್ದು ಕೆಟ್ಟದ್ದೇ ಅಂತ ತೀರ್ಮಾನ ಮಾಡಬೇಡಿ. ಉತ್ಪಾದಕ ಕಂಪನಿ ಖರೀದಿ ಮಾಡೋದು ನಮ್ಮಿಂದಲೇ. ಕ್ವಿಂಟಲ್‌ಗೆ ನಮಗೆ ಹೆಚ್ಚು ಬೆಲೆ ಕೊಟ್ಟರೆ ಅದರ ಅಸಲು ಏರುತ್ತೆ, ಮಾರ್ಜಿನ್ ಇಳಿಯುತ್ತೆ. ಆ ದುಡ್ಡು ನಮ್ಮ ಜೇಬಿಗೇ ಬಂದಿರುತ್ತೆ. ಹಾಗೇ ಗೊಬ್ಬರದಂಥ ಕಡಿಮೆ ಮಾರ್ಜಿನ್ ಮಾಲು ಹೆಚ್ಚು ಮಾರಿದ ವರ್ಷವೂ ಇಳಿಯುತ್ತೆ. ಇವೆರಡರಲ್ಲಿ ಯಾವುದು ಅಂತ ತಿಳಿಯೋಕೆ ಮಾರಾಟ ಮತ್ತು ಖರೀದಿಯ ಟಿಪ್ಪಣಿ 17, 19 ನೋಡಿ. ಬೆಲೆಯ ವಿಷಯ ಅಲ್ಲಿ ಸಿಗದಿದ್ದರೆ, ನಮ್ಮ ರಸೀದಿಯ ದರವನ್ನು ಅದೇ ದಿನದ ಎಪಿಎಂಸಿ ದರದ ಜೊತೆ ಹೋಲಿಸಿ.

ಇನ್ನೊಂದು, ಆ 2,46,000ದ ದಾಸ್ತಾನು. ಲೆಕ್ಕದಲ್ಲಿ ಅದು ಬೆಲೆ ಇರೋ ಮಾಲು. ಗೋದಾಮಿನಲ್ಲಿ ಅವಧಿ ಮುಗಿದ ಬಿತ್ತನೆ ಬೀಜವೋ ಹುಳ ಹಿಡಿದ ಕಾಳೋ ಆಗಿದ್ದರೆ, ಆ ಲಾಭ ಕಾಗದದ ಮೇಲೆ ಮಾತ್ರ. ಅಷ್ಟೂ ಕೆಟ್ಟಿದ್ದರೆ ಒಟ್ಟು ಉಳಿಕೆ 7,86,000ದಿಂದ 5,40,000ಕ್ಕೆ, ಮಾರ್ಜಿನ್ ಶೇ. 6.38ಕ್ಕೆ ಇಳಿಯುತ್ತೆ. ಇದನ್ನು ಯಾವ ಸೂತ್ರವೂ ತೋರಿಸಲ್ಲ. ಸಭೆಯ ದಿನ ಅರ್ಧ ಗಂಟೆ ಮುಂಚೆ ಹೋಗಿ, ಗೋದಾಮಿನ ಬೀಗ ತೆಗೆಸಿ ಚೀಲಗಳ ಮೇಲಿನ ದಿನಾಂಕ ನೋಡಿಕೊಂಡು ಬನ್ನಿ.