ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿ, ವೀಸಾ ಮುಗಿದಿದೆ: ಮೊದಲ ದೂರು ಯಾಕೆ ಮುಖ್ಯ?

ಆರ್.ಟಿ. ನಗರದ ಹುಡುಗನೊಬ್ಬ ದುಬೈನ ಮನೆಯೊಂದಕ್ಕೆ ಡ್ರೈವರ್ ಆಗಿ ಹೋಗಿದ್ದಾನೆ ಅಂದ್ಕೊಳ್ಳಿ. ಇಳಿದ ದಿನವೇ ಮಾಲೀಕ 'ವೀಸಾ ಪೇಪರ್ ಮಾಡಿಸ್ಬೇಕು' ಅಂತ ಪಾಸ್‌ಪೋರ್ಟ್ ಇಸ್ಕೊಂಡ, ವಾಪಸ್ ಕೊಡಲೇ ಇಲ್ಲ. ಈಗ ವೀಸಾ ಮುಗಿದಿದೆ, ಮಾಲೀಕ ನವೀಕರಿಸಿಲ್ಲ. ಈ ಹುಡುಗ ಏನು ಮಾಡಬಹುದು?

ಕಾನೂನು ಅವನ ಪರ ಇದೆ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಯುಎಇಯ 2022ರ ಮನೆಗೆಲಸದವರ ಕಾನೂನು ಕೂಡ ಗುರುತಿನ ದಾಖಲೆಗಳು ಕೆಲಸಗಾರನ ಬಳಿಯೇ ಇರಬೇಕು ಅನ್ನುತ್ತೆ. ಮನೆ ಡ್ರೈವರ್ ಕೂಡ ಇದರಡಿ ಬರುತ್ತಾನೆ.

ಆದರೆ ಎಡವಟ್ಟಾಗೋದು ಇಲ್ಲೇ. ಸಿಟ್ಟಲ್ಲಿ ಯಾರಿಗೂ ಹೇಳದೆ ಮನೆ ಬಿಟ್ಟು ಗೆಳೆಯನ ರೂಮು ಸೇರಿದರೆ, ಮಾಲೀಕ 'ಕೆಲಸಗಾರ ಓಡಿಹೋದ' ಅಂತ ಮೊದಲೇ ದೂರು ಕೊಡಬಹುದು. ಆಗ ತಪ್ಪು ಇವನ ತಲೆಗೆ ಬರುತ್ತೆ. ಹೊಡೆತ, ಜೀವಭಯ ಇದ್ದರೆ ತಕ್ಷಣ ಹೊರಬಂದು ಪೊಲೀಸ್ ಅಥವಾ ಭಾರತೀಯ ಕಾನ್ಸುಲೇಟ್‌ಗೆ ಹೋಗಬೇಕು. ಹಾಗಿಲ್ಲದಿದ್ದರೆ ಮೊದಲು ದೂರು, ಆಮೇಲೆ ಹೆಜ್ಜೆ.

ದೂರು ಎರಡು ಕಡೆಯಿಂದ ಹೋಗಲಿ. ಅವನು ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ಕೊಡಲಿ. ಬಾಕಿ ಸಂಬಳವನ್ನೂ ಅದರಲ್ಲೇ ಬರೆಸಲಿ, ಊರಿಗೆ ಬಂದಮೇಲೆ ಅದನ್ನು ಕೇಳೋದು ಕಷ್ಟ. ಭಾರತೀಯರ ಸಹಾಯ ಕೇಂದ್ರಕ್ಕೆ ಅಲ್ಲಿಂದ ಉಚಿತ ಕರೆ: 80046342. ಇಲ್ಲಿ ಮನೆಯವರು ವಿದೇಶಾಂಗ ಇಲಾಖೆಯ madad.gov.in ನಲ್ಲಿ ದೂರು ದಾಖಲಿಸಬಹುದು. ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಮಾಲೀಕನ ಹೆಸರು, ವಿಳಾಸ, ಫೋನ್ ನಂಬರ್ ಕೊಟ್ಟು, ಸಿಗುವ ದೂರಿನ ಸಂಖ್ಯೆಯನ್ನು ಜೋಪಾನ ಮಾಡಿಟ್ಟುಕೊಳ್ಳಿ.

ಪಾಸ್‌ಪೋರ್ಟ್ ಸಿಗದೇ ಹೋದರೂ ದಾರಿ ಇದೆ. ಕಾನ್ಸುಲೇಟ್ 'ಎಮರ್ಜೆನ್ಸಿ ಸರ್ಟಿಫಿಕೇಟ್' ಕೊಡುತ್ತೆ. ಅದು ಭಾರತಕ್ಕೆ ಒಂದೇ ಸಲ ಬರೋಕೆ ಮಾತ್ರ. ತುಂಬಾ ಜನ ಇದು ಸಿಕ್ಕರೆ ವಿಮಾನ ಹತ್ತಬಹುದು ಅಂದ್ಕೋತಾರೆ, ಹಾಗಲ್ಲ. ಇದು ಗುರುತಿನ ಕಾಗದ ಅಷ್ಟೇ. ದೇಶ ಬಿಡೋಕೆ ಒಪ್ಪಿಗೆ ಕೊಡಬೇಕಾದದ್ದು ಅಲ್ಲಿನ ವಲಸೆ ಇಲಾಖೆ. ಅವನ ಮೇಲೆ ಪೊಲೀಸ್ ಅಥವಾ ಕೋರ್ಟ್ ಕೇಸ್ ಇದ್ದರೆ ಅದು ಬಗೆಹರಿಯಬೇಕು. ಅವಧಿ ಮೀರಿದ ವಾಸಕ್ಕೆ ದಂಡವೂ ಇದೆ: ದಿನಕ್ಕೆ 50 ದಿರ್ಹಮ್. ರಿಯಾಯಿತಿ ದಿನಗಳು ಕಳೆದು 90 ದಿನವಾದರೆ 4,500 ದಿರ್ಹಮ್, ಅಂದರೆ ಸುಮಾರು ಒಂದು ಲಕ್ಷ ರೂಪಾಯಿ.

ಸಂಬಳವೇ ಸಿಗದವನು ಇದನ್ನೆಲ್ಲಿ ತರಬೇಕು? ಮನ್ನಾ ಕೇಳಬಹುದು. ಭಾರತೀಯ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅರ್ಹರ ದಂಡ, ಟಿಕೆಟ್ ಖರ್ಚನ್ನು ಅದರಿಂದ ಭರಿಸಬಹುದು. ಆದರೆ ದಂಡಕ್ಕೆ ನೆರವು ಸಿಗಬೇಕಾದರೆ ವೀಸಾ ಮುಗಿದದ್ದರಲ್ಲಿ ಕೆಲಸಗಾರನ ತಪ್ಪಿಲ್ಲ ಅಂತ ಮೇಲ್ನೋಟಕ್ಕಾದರೂ ಕಾಣಬೇಕು.

ಮೊದಲ ದೂರಿನ ಬೆಲೆ ಗೊತ್ತಾಗೋದು ಈಗ. ವೀಸಾ ಮುಗಿಯೋ ಮುಂಚಿನ ತಾರೀಖಿನ ಒಂದು ದೂರು, 'ಪಾಸ್‌ಪೋರ್ಟ್ ಕೊಡಿ ಸರ್' ಅಂತ ಕಳಿಸಿದ ಒಂದು ವಾಟ್ಸಾಪ್ ಮೆಸೇಜು ಅವನ ಸಾಕ್ಷಿ. ಹಾಗಾಗಿ ನಿಮ್ಮ ಮನೆಯಿಂದ ಯಾರಾದರೂ ದೇವನಹಳ್ಳಿಯಲ್ಲಿ ವಿಮಾನ ಹತ್ತೋ ಮುಂಚೆ ಪಾಸ್‌ಪೋರ್ಟ್, ವೀಸಾ, ಕೆಲಸದ ಒಪ್ಪಂದದ ಫೋಟೋ ನಿಮ್ಮ ಫೋನಿಗೆ ಬಂದಿರಲಿ.